ಆಟೊ ಬೆನ್ನಿನ ಬರಹ: ಕಾಗುಣಿತದ ತಪ್ಪು ಮತ್ತು ಅಲಗಿನ ತಪ್ಪು

ಆಟೊರಿಕ್ಷಾಗಳ ಹಿಂಬದಿಯ ಬರಹಗಳು ಕನ್ನಡ ಅಧ್ಯಯನ ವಿಭಾಗಗಳಿಗೆ ಹೊಸ ವಸ್ತುವೇನೂ ಅಲ್ಲ. ಕ್ಷೇತ್ರಕಾರ್ಯದ ನೆಪದಲ್ಲಿ ವಿದ್ಯಾರ್ಥಿಗಳು ಅವುಗಳನ್ನು ಬರೆದುಕೊಂಡು ಬರುತ್ತಾರೆ. ತಾಯ್ತಂದೆಯರ ಮೇಲಿನ ಭಕ್ತಿ, ಪ್ರೇಮ, ವಿರಹ, ನಾಡು-ನುಡಿಯ ಅಭಿಮಾನ, ಸಂಚಾರದ ಎಚ್ಚರಿಕೆ ಎಂಬ ಶೀರ್ಷಿಕೆಗಳಡಿ ವರ್ಗೀಕರಿಸುತ್ತಾರೆ. ಕೊನೆಯಲ್ಲಿ ‘ಭಾಷಾದೋಷಗಳು’ ಎಂಬ ಪಟ್ಟಿಯೊಂದನ್ನು ಲಗತ್ತಿಸುತ್ತಾರೆ. ಈ ಪಟ್ಟಿಯಲ್ಲಿ ಮೊದಲ ಸ್ಥಾನ ಸಾಮಾನ್ಯವಾಗಿ ಮಹಾಪ್ರಾಣಲೋಪದ್ದು. ‘ನಿಧಾನ’ ಇರಬೇಕಾದಲ್ಲಿ ‘ನಿದಾನ’, ‘ಧನ್ಯವಾದ’ ಇರಬೇಕಾದಲ್ಲಿ ‘ದನ್ಯವಾದ’. ಚಾಲಕನ ಶಿಕ್ಷಣದ ಮಟ್ಟ, ಆಡುನುಡಿಯ ಪ್ರಭಾವ, ಕನ್ನಡ ಶಾಲೆಗಳ ಸ್ಥಿತಿ ಮುಂತಾದ ತೀರ್ಮಾನಗಳು ಈ ಪಟ್ಟಿಯಿಂದಲೇ ಹೊರಡುತ್ತವೆ.

ಪ್ರಸ್ತುತ ಲೇಖನದ ತಕರಾರು ಇರುವುದು ಈ ಪಟ್ಟಿಯ ಬಗೆಗೆ. ಆಟೊ ಬೆನ್ನಿನ ಬರಹವನ್ನು ನಾವು ಕಾಗದದ ಬರಹದಂತೆ ಓದುತ್ತಿದ್ದೇವೆ. ಅದು ಇಂದು ಬಹುಮಟ್ಟಿಗೆ ವಿನೈಲ್ ಹಾಳೆಯಿಂದ ಯಂತ್ರದ ಅಲಗು ಕತ್ತರಿಸಿ ತೆಗೆದ ಬರಹವಾಗಿದೆ. ಕನ್ನಡ ಲಿಪಿಯಲ್ಲಿ ಕೆಲವು ಅಲ್ಪಪ್ರಾಣ-ಮಹಾಪ್ರಾಣಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳಿನಲ್ಲಿ ಅಡಗಿದೆ, ಠಕಾರ-ರಕಾರಗಳ ನಡುವಿನದು ಒಂದು ಚುಕ್ಕಿಯಲ್ಲಿ. ದಪ್ಪ ಅಕ್ಷರದ ಸ್ಟಿಕ್ಕರಿನಲ್ಲಿ ಮೊದಲು ಮುಚ್ಚಿಹೋಗುವುದು ಆ ಸೀಳು, ಮೊದಲು ಉದುರುವುದು ಆ ಚುಕ್ಕಿ. ಆದುದರಿಂದ ಬರೆದವನ ತಪ್ಪನ್ನೂ ಕತ್ತರಿಸಿದ ಅಲಗಿನ ತಪ್ಪನ್ನೂ ಬೇರ್ಪಡಿಸದೆ ಮಹಾಪ್ರಾಣಲೋಪವನ್ನು ಎಣಿಸುವುದು ಶಾಸ್ತ್ರೀಯವಾದ ಎಣಿಕೆ ಎನಿಸಲಾರದು. ಹಾಗೆ ಬೇರ್ಪಡಿಸುವುದು ಸಾಧ್ಯವಿದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ತೋರಿಸುವುದು ಇಲ್ಲಿನ ಉದ್ದೇಶ.

1. ಬರಹ ಸಿದ್ಧವಾಗುವ ಬಗೆ

ಬಣ್ಣ-ಕುಂಚಗಳ ಕಾಲದಲ್ಲಿ ಅಕ್ಷರ ಬರೆಯುವವನೂ ಅದರ ಆಕಾರವನ್ನು ನಿರ್ಧರಿಸುವವನೂ ಒಬ್ಬನೇ ಆಗಿದ್ದ. ಜಾಗ ಸಾಲದಿದ್ದರೆ ಒತ್ತಕ್ಷರವನ್ನು ಪಕ್ಕಕ್ಕೆ ಸರಿಸುತ್ತಿದ್ದ. ಧಕಾರದ ಹೊಟ್ಟೆಯನ್ನು ಬೇಕಾದಷ್ಟು ಅಗಲವಾಗಿ ಸೀಳುತ್ತಿದ್ದ. ಸ್ಟಿಕ್ಕರ್ ಅಂಗಡಿಯಲ್ಲಿ ಈ ಕೆಲಸ ಹಲವು ಹಂತಗಳಲ್ಲಿ ಹಂಚಿಹೋಗಿದೆ. ಚಾಲಕ ಅಥವಾ ಗಾಡಿಯ ಮಾಲೀಕ ಮಾತನ್ನು ಹೇಳುತ್ತಾನೆ, ಇಲ್ಲವೆ ಚೀಟಿಯಲ್ಲಿ ಬರೆದುಕೊಡುತ್ತಾನೆ. ಅಂಗಡಿಯವನು ಅದನ್ನು ಗಣಕದಲ್ಲಿ ಟೈಪು ಮಾಡಿ, ದಪ್ಪ ಫಾಂಟೊಂದನ್ನು ಆರಿಸಿ, ಅಕ್ಷರಗಳನ್ನು ಬರಿಯ ಹೊರಗೆರೆಗಳಾಗಿ ಪರಿವರ್ತಿಸುತ್ತಾನೆ. ಈ ಹೊರಗೆರೆಗಳ ಗುಂಟ ಪ್ಲಾಟರ್ ಯಂತ್ರದ ಅಲಗು ಚಲಿಸಿ, ಅಂಟಿರುವ ಮೇಲುಹಾಳೆಯನ್ನಷ್ಟೇ ಕತ್ತರಿಸಿ ಕೆಳಗಿನ ಕಾಗದವನ್ನು ಹಾಗೆಯೇ ಬಿಡುತ್ತದೆ. ಅನಂತರ ಅಕ್ಷರಗಳ ಸುತ್ತಲಿನ ಮತ್ತು ಒಳಗಿನ ಬೇಡದ ಭಾಗವನ್ನು ಕೈಯಿಂದ ಎತ್ತಿ ತೆಗೆಯಬೇಕು. ಉಳಿದ ಅಕ್ಷರಗಳನ್ನು ಇನ್ನೊಂದು ಅಂಟುಹಾಳೆಗೆ ಹಿಡಿಸಿ, ಗಾಡಿಯ ಬೆನ್ನಿಗೆ ಒತ್ತಿ, ಮೇಲಿನ ಹಾಳೆಯನ್ನು ಸುಲಿಯಲಾಗುತ್ತದೆ.

ಇವುಗಳಲ್ಲಿ ಎರಡು ಹಂತಗಳು ಕನ್ನಡಕ್ಕೆ ವಿಶೇಷವಾಗಿ ತೊಡಕಿನವು. ಮೊದಲನೆಯದು ಅಕ್ಷರಗಳನ್ನು ಹೊರಗೆರೆಯಾಗಿಸುವ ಹಂತ. ನುಡಿಯಂತಹ ಯೂನಿಕೋಡ್‌ಪೂರ್ವದ ಫಾಂಟುಗಳಲ್ಲಿ ಅನೇಕ ಅಕ್ಷರಗಳು ತುಂಡುಗಳಿಂದ ಜೋಡಣೆಗೊಳ್ಳುತ್ತವೆ: ಮೂಲಾಕ್ಷರದ ದೇಹ ಒಂದು ತುಂಡು, ದೀರ್ಘ ಇನ್ನೊಂದು, ಒತ್ತು ಮತ್ತೊಂದು. ತೆರೆಯ ಮೇಲೆ ಇವು ಒಂದರ ಮೇಲೊಂದು ಕುಳಿತು ಒಂದೇ ಅಕ್ಷರವಾಗಿ ಕಾಣುತ್ತವೆ. ಆದರೆ ತುಂಡುಗಳನ್ನು ಬೆಸೆದು ಒಂದೇ ಹೊರಗೆರೆಯಾಗಿಸದಿದ್ದರೆ ಅಲಗು ಪ್ರತಿಯೊಂದು ತುಂಡಿನ ಸುತ್ತಲೂ ಕತ್ತರಿಸುತ್ತದೆ. ‘ಧಾ’ ಎಂಬುದರಲ್ಲಿ ದೀರ್ಘದ ಕೊಂಬು ಬೇರೆ ಚೂರಾಗಿ ಉಳಿದು, ಕಾಲಾಂತರದಲ್ಲಿ ಬಿಸಿಲು-ಮಳೆಗೆ ತಾನೊಂದೇ ಸುಲಿದು ಬೀಳುತ್ತದೆ. ಎರಡನೆಯದು ಬೇಡದ ಭಾಗವನ್ನು ತೆಗೆಯುವ ಹಂತ. ಧಕಾರದ ಸೀಳು ಕೆಳಗೆ ಹೊರಕ್ಕೆ ತೆರೆದುಕೊಂಡಿರುವುದರಿಂದ ಅದರೊಳಗಿನ ಹಾಳೆ ಹೊರಗಿನ ಬೇಡದ ಹಾಳೆಗೆ ತೆಳುವಾದ ನಾಲಗೆಯಂತೆ ಅಂಟಿಕೊಂಡಿರುತ್ತದೆ. ಹಾಳೆಯನ್ನು ಎಳೆಯುವಾಗ ಈ ನಾಲಗೆ ಬುಡದಲ್ಲಿ ಹರಿದರೆ ಸೀಳು ಸೀಳಾಗಿ ಉಳಿಯದೆ ತುಂಬಿಕೊಳ್ಳುತ್ತದೆ. ಠಕಾರದ ನಡುವಣ ಚುಕ್ಕಿಯದು ಇದಕ್ಕೆ ವಿರುದ್ಧವಾದ ಸಂಕಟ. ಅದು ಯಾವುದಕ್ಕೂ ಅಂಟಿಲ್ಲದ ಸಣ್ಣ ದ್ವೀಪ. ಸುತ್ತಲಿನ ಬೇಡದ ಭಾಗದೊಡನೆ ಅದೂ ಎದ್ದುಬರುವ ಸಂಭವವಿದೆ. ಬಹುತೇಕ ಫಾಂಟುಗಳಲ್ಲಿ ಚುಕ್ಕಿ ಕಳೆದ ಠಕಾರ ರಕಾರವಾಗುತ್ತದೆ. ‘ಮಠ’ ‘ಮರ’ವಾಗಲು ಇಷ್ಟು ಸಾಕು.

2. ‘ನಿಧಾನವೇ ಪ್ರಧಾನ’

ಸಂಚಾರದ ಎಚ್ಚರಿಕೆಯ ಮಾತುಗಳಲ್ಲಿ ಎಲ್ಲರಿಗೂ ಪರಿಚಿತವಾದ ‘ನಿಧಾನವೇ ಪ್ರಧಾನ’ ಎಂಬುದನ್ನೇ ತೆಗೆದುಕೊಳ್ಳೋಣ. ಎರಡು ಪದ, ಏಳು ಅಕ್ಷರ, ಎರಡು ಧಾಕಾರ, ಒಂದು ಒತ್ತು. ಕುತೂಹಲದ ಸಂಗತಿಯೆಂದರೆ ಎರಡೂ ಧಾಕಾರಗಳು ದಾಕಾರಗಳಾದರೂ ನಿಘಂಟು ಮುನಿಯುವುದಿಲ್ಲ: ‘ನಿದಾನ’ವೆಂದರೆ ಮೂಲಕಾರಣ, ಆಯುರ್ವೇದದಲ್ಲಿ ರೋಗದ ಹೇತುವಿನ ನಿರ್ಣಯ, ‘ಪ್ರದಾನ’ವೆಂದರೆ ಕೊಡುವಿಕೆ. ಅಂದರೆ ಪದಪರೀಕ್ಷೆ ಮಾಡುವ ಗಣಕವಾಗಲಿ, ಪದವನ್ನಷ್ಟೇ ನೋಡುವ ಸಂಗ್ರಾಹಕನಾಗಲಿ ಇಲ್ಲಿ ನೆರವಿಗೆ ಬರಲಾರರು.

ಈ ಮಾತನ್ನು ಗಾಡಿಯ ಬೆನ್ನಿನ 900 ಮಿ.ಮೀ. ಅಗಲ, 150 ಮಿ.ಮೀ. ಎತ್ತರದ ಪಟ್ಟಿಯಲ್ಲಿ ಒಂದೇ ಸಾಲಾಗಿ ಕೂರಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಕನ್ನಡದ ಅಕ್ಷರಗಳು ಎತ್ತರಕ್ಕಿಂತ ತುಸು ಹೆಚ್ಚೇ ಅಗಲ. ಅಂಚು ಬಿಟ್ಟು, ಪದಗಳ ನಡುವೆ ತೆರಪು ಬಿಟ್ಟು ಲೆಕ್ಕ ಹಾಕಿದರೆ ಮೂಲಾಕ್ಷರಕ್ಕೆ ಸುಮಾರು 90 ಮಿ.ಮೀ. ಎತ್ತರ ದಕ್ಕಬೇಕು. ಆದರೆ ಎತ್ತರದ ಲೆಕ್ಕ ಬೇರೆಯೇ ಆಗಿದೆ. ‘ನಿ’ಯ ಗುಡಿಸು ಮೇಲೆ ಜಾಗ ಕೇಳುತ್ತದೆ, ‘ಪ್ರ’ದ ಒತ್ತು ಕೆಳಗೆ ಮೂಲಾಕ್ಷರದ ಅರ್ಧದಷ್ಟನ್ನು ಕೇಳುತ್ತದೆ. ಮೇಲೆ-ಕೆಳಗೆ ಅಂಚು ಕಳೆದು ಉಳಿಯುವ 130 ಮಿ.ಮೀ.ನಲ್ಲಿ ಇವೆಲ್ಲವೂ ಅಡಗಬೇಕಾದುದರಿಂದ ಮೂಲಾಕ್ಷರ ಸುಮಾರು 75 ಮಿ.ಮೀ.ಗೆ ಇಳಿಯುತ್ತದೆ. ಏಳು ಅಕ್ಷರಗಳಲ್ಲಿ ಒಂದಕ್ಕೆ ಮಾತ್ರ ಒತ್ತು ಇದೆ. ಆ ಒಂದು ಒತ್ತಿಗಾಗಿ ಏಳೂ ಅಕ್ಷರಗಳು ಕುಗ್ಗುತ್ತವೆ.

ಕುಗ್ಗಿದ ಅಕ್ಷರ ದೂರಕ್ಕೆ ಕಾಣಬೇಕೆಂದು ಗೆರೆಯನ್ನು ದಪ್ಪ ಮಾಡಲಾಗುತ್ತದೆ. ಎತ್ತರದ ಐದನೆಯ ಒಂದು ಭಾಗ ಗೆರೆಯ ದಪ್ಪವೆಂದರೆ 15 ಮಿ.ಮೀ. ರೋಮನ್ ಲಿಪಿಯ ದೊಡ್ಡಕ್ಷರಗಳಿಗೆ ಇದು ಒಪ್ಪುವ ಪ್ರಮಾಣ. ಕನ್ನಡದಲ್ಲಿ ಗೆರೆ ದಪ್ಪವಾದಂತೆಲ್ಲ ಒಳಗಿನ ತೆರಪು ಕರಗುತ್ತದೆ. ಧಕಾರದ ಸೀಳು ಮೂರು ಮಿ.ಮೀ.ಗೆ ಬಂದು ನಿಲ್ಲುತ್ತದೆ ಎಂದು ಭಾವಿಸೋಣ. ಈಗ ಕಣ್ಣಿನ ಲೆಕ್ಕ. ನೇತ್ರವೈದ್ಯರ ಫಲಕದಲ್ಲಿ ಆರು ಮೀಟರ್ ದೂರದಿಂದ ಸಹಜ ದೃಷ್ಟಿಯುಳ್ಳವನು ಓದಬೇಕಾದ ಸಾಲಿನ ಅಕ್ಷರ ಒಂಬತ್ತು ಮಿ.ಮೀ.ಗೆ ತುಸು ಕಡಿಮೆ. ಆ ಅಕ್ಷರದ ಒಳಗಿನ ತೆರಪು ಅದರ ಐದನೆಯ ಒಂದು ಭಾಗ. ಅಂದರೆ ಪ್ರತಿ ಮೀಟರ್ ದೂರಕ್ಕೆ ಅಕ್ಷರ ಸುಮಾರು ಒಂದೂವರೆ ಮಿ.ಮೀ., ತೆರಪು ಸುಮಾರು 0.3 ಮಿ.ಮೀ. ಇರಬೇಕು. ಈ ಅಳತೆಯಲ್ಲಿ ನಮ್ಮ 75 ಮಿ.ಮೀ. ಅಕ್ಷರದ ಒಟ್ಟು ಆಕಾರವನ್ನು ಹಿಡಿಯುವ ಮಿತಿ 50 ಮೀಟರ್, ಮೂರು ಮಿ.ಮೀ. ಸೀಳನ್ನು ಹಿಡಿಯುವ ಮಿತಿ ಹತ್ತೇ ಮೀಟರ್. ಇವು ನಿಂತು ನೋಡುವ ಒಳ್ಳೆಯ ಕಣ್ಣಿನ ಮಿತಿಗಳು. ಧೂಳು, ಅಲುಗಾಟ, ಓಡುವ ಗಾಡಿ ಇವುಗಳಿಗಾಗಿ ಅರ್ಧ ಕಳೆದರೆ ಪದ 25 ಮೀಟರಿನಿಂದ ಓದಬಹುದು, ಮಹಾಪ್ರಾಣ ಐದು ಮೀಟರಿನಿಂದ ಮಾತ್ರ.

ಗಂಟೆಗೆ 30 ಕಿ.ಮೀ. ವೇಗದಲ್ಲಿ ಹದಿನೈದು ಮೀಟರ್ ಹಿಂದೆ ಬರುತ್ತಿರುವ ಬೈಕಿನವನ ಪಾಲಿಗೆ, ಹಾಗಾದರೆ, ಆ ಬರಹ ‘ನಿದಾನವೇ ಪ್ರದಾನ’. ಸಿಗ್ನಲ್ಲಿನಲ್ಲಿ ಮೂರು ಮೀಟರಿಗೆ ಬಂದು ನಿಂತಾಗ ಅದೇ ‘ನಿಧಾನವೇ ಪ್ರಧಾನ’. ಇದರಿಂದ ಅವನಿಗೆ ತೊಂದರೆಯೇನೂ ಆಗುವುದಿಲ್ಲ, ಏಕೆಂದರೆ ಮಾತು ಮೊದಲೇ ಪರಿಚಿತ. ಸೀಳನ್ನು ಅವನ ಮನಸ್ಸೇ ತುಂಬಿಕೊಳ್ಳುತ್ತದೆ. ತೊಂದರೆಯಾಗುವುದು ನಮ್ಮ ಸಂಶೋಧಕನಿಗೆ. ಅವನು ಬಸ್ಸಿನ ಕಿಟಕಿಯಿಂದಲೋ ರಸ್ತೆಯ ಆಚೆಬದಿಯಿಂದಲೋ ತೆಗೆದ ಚಿತ್ರವನ್ನು ಮನೆಗೆ ತಂದು, ಕಂಡದ್ದನ್ನು ಕಂಡಂತೆ ಲಿಪ್ಯಂತರಿಸುವ ನಿಷ್ಠೆಯಿಂದ ‘ನಿದಾನ’ ಎಂದು ಬರೆದುಕೊಳ್ಳುತ್ತಾನೆ. ಪಾಠನಿಷ್ಠೆಯೇ ಇಲ್ಲಿ ಪಾಠವನ್ನು ಕೆಡಿಸುತ್ತದೆ. ರಾತ್ರಿಯ ಚಿತ್ರವಾದರಂತೂ ದೋಷ ಇಮ್ಮಡಿ. ಬಳಕೆಯಲ್ಲಿ ‘ರೇಡಿಯಂ’ ಎನಿಸಿಕೊಂಡಿರುವ, ಬೆಳಕನ್ನು ಮರಳಿಸುವ ಹಾಳೆಯ ಅಕ್ಷರಗಳು ಹಿಂದಿನ ಗಾಡಿಯ ದೀಪ ಬಿದ್ದಾಗ ಉರಿದಂತೆ ಹೊಳೆದು, ಹೊಳಪು ಅಂಚನ್ನು ಮೀರಿ ಹರಡುತ್ತದೆ. ಹಗಲಿನಲ್ಲಿ ತೆರೆದಿದ್ದ ಸೀಳು ಇರುಳಿನಲ್ಲಿ ಮುಚ್ಚಿದಂತೆ ಕಾಣುತ್ತದೆ.

3. ತಪ್ಪಿನ ಕುರುಹುಗಳು

ಹತ್ತಿರದಿಂದ ನೋಡಿದಾಗಲೂ ಸೀಳಿಲ್ಲದ ದಕಾರವೇ ಇದ್ದರೆ? ಆಗಲೂ ಮೂರು ಸಾಧ್ಯತೆಗಳಿವೆ. ಮೂರೂ ಬೇರೆ ಬೇರೆ ಕುರುಹುಗಳನ್ನು ಬಿಟ್ಟಿರುತ್ತವೆ.

ಅಲಗು ಸೀಳನ್ನು ಕತ್ತರಿಸಿದ್ದು, ಕೈ ಅದನ್ನು ಬಿಡಿಸದೆ ಉಳಿಸಿದ್ದರೆ, ಅಕ್ಷರದ ಹೊಟ್ಟೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಕೊಯ್ತದ ಗೆರೆ ಇರುತ್ತದೆ. ಉಗುರಿನಿಂದ ಸವರಿದರೆ ತಿಳಿಯುತ್ತದೆ. ಕೆಲವು ತಿಂಗಳು ಕಳೆದ ಸ್ಟಿಕ್ಕರಿನಲ್ಲಿ ಆ ಗೆರೆಯೊಳಗೆ ಕೊಳೆ ಸೇರಿ ಕಣ್ಣಿಗೇ ಕಾಣುತ್ತದೆ. ಬರೆದವನು ‘ಧಾ’ ಎಂದೇ ಬರೆದಿದ್ದ ಎಂಬುದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷಿ ಬೇಡ. ಚುಕ್ಕಿಯೋ ದೀರ್ಘವೋ ಅಂಟಿಸಿದ ಮೇಲೆ ಉದುರಿದ್ದರೆ ಆ ಜಾಗದಲ್ಲಿ ಗಾಡಿಯ ಬಣ್ಣ ಸುತ್ತಲಿಗಿಂತ ಕಡಿಮೆ ಮಾಸಿ, ಕಳೆದುಹೋದ ಅಂಗದ ನೆರಳು ಉಳಿದಿರುತ್ತದೆ. ಅಂಟಿನ ಕಲೆಯೂ ಇರುತ್ತದೆ. ಕೊಯ್ತವೂ ಇಲ್ಲ, ನೆರಳೂ ಇಲ್ಲ, ಅಕ್ಷರದ ಕೆಳಗಿನ ಅಂಚು ನುಣುಪಾಗಿದೆ ಎಂದಾದರೆ ಮಾತ್ರ ಟೈಪು ಮಾಡುವಾಗಲೇ ದಕಾರವಿತ್ತು ಎನ್ನಬಹುದು. ಆಗಲೂ ಅದು ಚಾಲಕನದೋ ಅಂಗಡಿಯವನದೋ ಎಂಬ ಪ್ರಶ್ನೆ ಉಳಿಯುತ್ತದೆ. ಚಾಲಕ ಬಾಯಲ್ಲಿ ಹೇಳಿದ್ದರೆ ಕಾಗುಣಿತ ಅಂಗಡಿಯವನದು. ಚಾಲಕನ ಶಿಕ್ಷಣದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮೂರನೆಯದೊಂದು ಬಗೆಯ ದೋಷ ಗಣಕದ್ದು. ಯೂನಿಕೋಡ್‌ನಲ್ಲಿ ಟೈಪಾದ ಪಠ್ಯವನ್ನು, ಭಾರತೀಯ ಲಿಪಿಗಳ ಅಕ್ಷರಜೋಡಣೆ ಅರಿಯದ ಚಿತ್ರವಿನ್ಯಾಸ ತಂತ್ರಾಂಶಕ್ಕೆ ಅಂಟಿಸಿದರೆ ಒತ್ತುಗಳು ಬಿಚ್ಚಿಕೊಳ್ಳುತ್ತವೆ: ‘ಪ್ರ’ ಎಂಬುದು ‘ಪ್‌ರ’ ಆಗಿ ಸಾಲಿನಲ್ಲಿ ನಿಲ್ಲುತ್ತದೆ, ಅರ್ಕಾವತ್ತು ತನ್ನ ಜಾಗ ಬಿಟ್ಟು ಕದಲುತ್ತದೆ. ಇಂತಹವನ್ನು ಗುರುತಿಸುವುದು ಸುಲಭ. ಮನುಷ್ಯನ ತಪ್ಪು ಒಂದು ಪದದಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಗಣಕದ ತಪ್ಪು ಆ ಫಲಕದ ಎಲ್ಲ ಒತ್ತಕ್ಷರಗಳಲ್ಲಿಯೂ ಒಂದೇ ಬಗೆಯಾಗಿರುತ್ತದೆ. ಕನ್ನಡ ಕಲಿತ ಯಾರೂ ಕೈಬರಹದಲ್ಲಿ ‘ಪ್ರ’ವನ್ನು ಹಾಗೆ ಬಿಡಿಸಿ ಬರೆಯಲಾರರು.

4. ಎಣಿಕೆಗೆ ಒಂದು ಒರೆಗಲ್ಲು

ಪ್ರತಿಯೊಂದು ಗಾಡಿಯ ಬಳಿಗೂ ಹೋಗಿ ಉಗುರಿನಿಂದ ಸವರಿ ನೋಡುವುದು ಆಗುವ ಮಾತಲ್ಲ. ಈಗಾಗಲೇ ಸಂಗ್ರಹವಾಗಿರುವ ಚಿತ್ರಗಳಿಗಂತೂ ಅದು ಅನ್ವಯಿಸದು. ಅಂತಹ ಕಡೆ ಲಿಪಿಯೇ ನಮಗೊಂದು ಒರೆಗಲ್ಲನ್ನು ಒದಗಿಸಿದೆ. ಮಹಾಪ್ರಾಣಗಳೆಲ್ಲ ಸೀಳಿನಿಂದ ಹುಟ್ಟಿದವುಗಳಲ್ಲ. ದ-ಧ, ಡ-ಢ, ಪ-ಫ ಜೋಡಿಗಳಲ್ಲಿ ವ್ಯತ್ಯಾಸ ಸೀಳಿನದು. ಕ-ಖ, ಗ-ಘ ಜೋಡಿಗಳಲ್ಲಿ ಅಕ್ಷರದ ಆಕಾರವೇ ಬೇರೆ. ಖಕಾರದಿಂದ ಏನನ್ನು ಉದುರಿಸಿದರೂ ಅದು ಕಕಾರವಾಗದು. ಬ-ಭ ಜೋಡಿಯ ರೂಪ ಫಾಂಟಿನಿಂದ ಫಾಂಟಿಗೆ ಬದಲಾಗುವುದರಿಂದ ಅದನ್ನು ಲೆಕ್ಕದಿಂದ ಬಿಡುವುದು ಲೇಸು.

ಹಾಗಾದರೆ ಒಂದು ಸಂಗ್ರಹದಲ್ಲಿ ಧಕಾರ ದಕಾರವಾದ ಪ್ರಮಾಣವನ್ನೂ, ಖಕಾರ ಕಕಾರವಾದ ಹಾಗೂ ಘಕಾರ ಗಕಾರವಾದ ಪ್ರಮಾಣವನ್ನೂ ಬೇರೆ ಬೇರೆ ಎಣಿಸಿ ಹೋಲಿಸಬೇಕು. ‘ಸುಖ’ವನ್ನು ‘ಸುಕ’ ಎಂದೂ ‘ನಿಧಾನ’ವನ್ನು ‘ನಿದಾನ’ ಎಂದೂ ಬರೆಯುವುದು ಸರಿಸುಮಾರು ಒಂದೇ ಪ್ರಮಾಣದಲ್ಲಿದ್ದರೆ ಅದು ಉಚ್ಚಾರಣೆಯಿಂದ ಬಂದ ಕಾಗುಣಿತ. ಭಾಷಾವಿಜ್ಞಾನಿ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಸೀಳಿನ ಅಕ್ಷರಗಳಲ್ಲಿ ಮಾತ್ರ ಲೋಪ ಹೆಚ್ಚಿದ್ದು ಖ-ಘಗಳು ಸುರಕ್ಷಿತವಾಗಿದ್ದರೆ, ಆ ಹೆಚ್ಚಳದ ಕಾರಣವನ್ನು ಮೊದಲು ಅಲಗಿನಲ್ಲಿಯೂ ದೂರದಲ್ಲಿಯೂ ಹುಡುಕಬೇಕು. ಇದೇ ರೀತಿ ಹ-ಅ, ಳ-ಲ, ಣ-ನ ವ್ಯತ್ಯಯಗಳು ಕತ್ತರಿಸುವಾಗ ಹುಟ್ಟುವಂತಹವಲ್ಲ. ಒಂದೇ ಫಲಕದಲ್ಲಿ ಅವೂ ಇದ್ದರೆ ಅಲ್ಲಿನ ದಕಾರವನ್ನು ಕಾಗುಣಿತದ ಖಾತೆಗೆ ಹಾಕುವುದು ಹೆಚ್ಚು ನ್ಯಾಯ.

ಈ ಎಚ್ಚರ ಇಂದು ಏಕೆ ಬೇಕೆಂಬುದನ್ನು ವಿವರಿಸಬೇಕಾಗಿಲ್ಲ. ಕನ್ನಡದ ಹೆಚ್ಚಿನ ಮಾತುಗಾರರ ಉಚ್ಚಾರಣೆಯಲ್ಲಿ ಮಹಾಪ್ರಾಣಗಳಿಲ್ಲ, ಆದುದರಿಂದ ಬರಹದಲ್ಲಿಯೂ ಅವು ಅನಗತ್ಯ ಎಂದು ಡಿ. ಎನ್. ಶಂಕರ ಭಟ್ಟರು ಮಂಡಿಸಿದ ವಾದವನ್ನು ಒಪ್ಪುವವರೂ ಒಪ್ಪದವರೂ ನಮ್ಮ ವಿಭಾಗಗಳಲ್ಲಿದ್ದಾರೆ. ಎರಡೂ ಪಕ್ಷದವರಿಗೆ ಆಟೊ ಬರಹ ಕೈಗೆಟುಕುವ ಸಾಕ್ಷಿಯಂತೆ ತೋರುತ್ತದೆ. ಒಬ್ಬರಿಗೆ ಅದು ಜನ ಮಹಾಪ್ರಾಣವನ್ನು ತಾವಾಗಿಯೇ ಕೈಬಿಟ್ಟುದರ ಪುರಾವೆ. ಇನ್ನೊಬ್ಬರಿಗೆ ಭಾಷೆ ಕೆಡುತ್ತಿರುವುದರ ಪುರಾವೆ. ಹರಿದು ಉಳಿದ ವಿನೈಲಿನ ಚೂರು ಈ ಎರಡರಲ್ಲಿ ಯಾವುದರ ಪುರಾವೆಯೂ ಅಲ್ಲ.

5. ಒಂದು ಆಕ್ಷೇಪ, ಒಂದು ಸೂಚನೆ

ಆಟೊ ಬರಹದ ಜೀವಾಳ ಅದರ ಭಾವ, ವಿನೋದ, ಬದುಕಿನ ಅರಿವು. ಸೀಳು-ಚುಕ್ಕಿಗಳ ಅಳತೆಗೆ ಇಳಿದರೆ ಜಾನಪದ ಅಧ್ಯಯನ ಅಂಗಡಿಯ ಲೆಕ್ಕಪುಸ್ತಕವಾಗುವುದಿಲ್ಲವೆ ಎಂಬ ಆಕ್ಷೇಪ ಬರಬಹುದು. ಆಶಯವನ್ನಷ್ಟೇ ಅಭ್ಯಾಸ ಮಾಡುವವರಿಗೆ ಈ ಅಳತೆ ಬೇಡವೆಂಬುದನ್ನು ಒಪ್ಪುತ್ತೇನೆ. ಆದರೆ ಅವರು ಭಾಷಾದೋಷಗಳ ಪಟ್ಟಿಯನ್ನೂ ಕೈಬಿಡಬೇಕಾಗುತ್ತದೆ. ಓಲೆಗರಿಯ ಪ್ರತಿಯಲ್ಲಿ ಒಂದು ಅಕ್ಷರ ಲೋಪವಾಗಿದ್ದರೆ ಅದು ಕವಿಯದೋ ಲಿಪಿಕಾರನದೋ ಹುಳು ತಿಂದದ್ದೋ ಎಂದು ಕೇಳದೆ ಯಾವ ಸಂಪಾದಕನೂ ಮುಂದುವರಿಯುವುದಿಲ್ಲ. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವೇ ಕಲಿಸುವ ಈ ಪ್ರಶ್ನೆಯನ್ನು ಬದುಕಿರುವ ಚಾಲಕನ ಬರಹಕ್ಕೆ ಮಾತ್ರ ಕೇಳದಿರುವುದು, ಅವನನ್ನು ಅವಿದ್ಯಾವಂತನೆಂದು ಮೊದಲೇ ನಿರ್ಧರಿಸಿದಂತೆ.

ಆದುದರಿಂದ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಕೆಲವು ನಿಯಮಗಳು ಸಾಕು. ನಿಂತ ಗಾಡಿಯ ಬರಹವನ್ನು ಹಗಲಿನಲ್ಲಿ, ಎದುರುನಿಂತು, ಎರಡು ಮೀಟರಿಗಿಂತ ಕಡಿಮೆ ದೂರದಿಂದ ಚಿತ್ರೀಕರಿಸಬೇಕು. ಪಕ್ಕದಲ್ಲಿ ಅಡಿಪಟ್ಟಿ ಹಿಡಿದರೆ ಅಕ್ಷರದ ಎತ್ತರ ತಾನಾಗಿ ದಾಖಲಾಗುತ್ತದೆ. ಬರಹ ಕುಂಚದ್ದೋ ಕತ್ತರಿಸಿದ್ದೋ ಎಂಬುದನ್ನು ಬರೆದುಕೊಳ್ಳಬೇಕು. ಅನುಮಾನದ ಅಕ್ಷರವಿದ್ದರೆ ಚಾಲಕನ ಅನುಮತಿ ಪಡೆದು, ಅದರ ಸಮೀಪಚಿತ್ರವನ್ನು ಬೇರೆಯಾಗಿ ತೆಗೆದು, ಕೊಯ್ತ, ನೆರಳು, ಅಂಟುಕಲೆ ಇವುಗಳಲ್ಲಿ ಯಾವುದಿದೆ ಎಂದು ಗುರುತಿಸಬೇಕು. ಮಾತನ್ನು ಹೇಳಿದವರು ಯಾರು, ಟೈಪು ಮಾಡಿದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಚಾಲಕನಿಗೆ ಕೇಳಬೇಕು. ಪ್ರಕಟಿಸುವಾಗ ಗಾಡಿಯ ಸಂಖ್ಯೆಯನ್ನೂ ಚಾಲಕನ ಹೆಸರನ್ನೂ ಮರೆಮಾಡಬೇಕು. ಕುರುಹು ಸಿಗದ ಹಳೆಯ ಚಿತ್ರಗಳಲ್ಲಿ ‘ನಿದಾನ’ ಎಂದು ಕಂಡದ್ದನ್ನು ಹಾಗೆಯೇ ಬರೆದು, ‘ದೂರಚಿತ್ರ, ಸೀಳು ಅನಿಶ್ಚಿತ’ ಎಂಬ ಟಿಪ್ಪಣಿ ಸೇರಿಸಬೇಕು. ಅಂತಹವನ್ನು ದೋಷಗಳ ಎಣಿಕೆಗೆ ತೆಗೆದುಕೊಳ್ಳಬಾರದು. ಇಷ್ಟು ಮಾಡಿದ ಮೇಲೆ ಉಳಿಯುವ ಪಟ್ಟಿ ಈಗಿನದಕ್ಕಿಂತ ಚಿಕ್ಕದಾಗಬಹುದು. ಆದರೆ ಅದರಲ್ಲಿರುವ ಪ್ರತಿಯೊಂದು ದಕಾರವೂ ಯಾರೋ ಒಬ್ಬರು ನಿಜವಾಗಿ ಬರೆದ ದಕಾರವೇ ಆಗಿರುತ್ತದೆ.